ರೈಲು ಹೋದ ಮೇಲೂ ಗೇಟ್ ಎತ್ತದಿದ್ದರೆ ಏನು ಮಾಡಬೇಕು? ಹಳಿ ಮೇಲೆ ಗಾಡಿ ನಿಂತುಬಿಟ್ಟರೆ?

ಕಬ್ಬಿನಹಾದಿ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ಕಬ್ಬಿನ ಸೀಸನ್ ಶುರುವಾಗಿದೆ. ನಮ್ಮ ಹೊಲದಿಂದ ಫ್ಯಾಕ್ಟರಿಗೆ ಹೋಗುವ ದಾರಿಯಲ್ಲಿ ಒಂದು ರೈಲ್ವೆ ಗೇಟ್ ಬರುತ್ತದೆ. ತಮ್ಮ ಟ್ರ್ಯಾಕ್ಟರ್ ಹೊಡೆಯುತ್ತಾನೆ, ಹಿಂದೆ ಎರಡು ಟ್ರೇಲರ್ ತುಂಬ ಕಬ್ಬು. ಮೊನ್ನೆ ಸಂಜೆ ಗೇಟ್ ಬಿತ್ತು, ರೈಲು ಹೋಯಿತು, ಆದರೂ ಗೇಟ್ ಎತ್ತಲಿಲ್ಲ. ಕಾದು ಕಾದು ಜನ ಬೈಕನ್ನು ಬಗ್ಗಿಸಿ ಕೆಳಗಿಂದ ನುಗ್ಗಿಸೋಕೆ ಶುರು ಮಾಡಿದರು. ಒಬ್ಬರು ಬೂಮ್‌ಗೆ ಕೈ ಹಾಕಿ ಎತ್ತಲು ನೋಡಿದರು, ಗೇಟ್‌ಮನ್ ಒಳಗಿನಿಂದ ಕೂಗುತ್ತಾ ಓಡಿ ಬಂದ. ಆಮೇಲೆ ಇನ್ನೊಂದು ರೈಲು ಆ ಕಡೆಯಿಂದ ಬಂತು.

ನನ್ನ ಪ್ರಶ್ನೆ ಎರಡು. ರೈಲು ಹೋದ ಮೇಲೂ ಗೇಟ್ ಕೆಳಗೇ ಇದ್ದರೆ ನಿಯಮ ಏನು ಹೇಳುತ್ತದೆ, ಎಷ್ಟು ಹೊತ್ತು ಕಾಯಬೇಕು? ಎರಡನೇದು, ತುಂಬಿದ ಟ್ರೇಲರ್ ಹಳಿ ಮೇಲೆ ಕೆಟ್ಟು ನಿಂತರೆ ಮೊದಲು ಮಾಡಬೇಕಾದ್ದು ಏನು? ತಮ್ಮನಿಗೆ ಸರಿಯಾಗಿ ಹೇಳಿಕೊಡಬೇಕು, ಅದಕ್ಕೇ ಕೇಳುತ್ತಿದ್ದೇನೆ.

ಸಿಂದಗಿ ಡ್ರೈವರ್, ವಿಜಯಪುರ

ಅಣ್ಣಾ, ರೈಲು ಹೋದ ಮೇಲೆ ಗೇಟ್ ತಕ್ಷಣ ತೆಗೆಯಲೇಬೇಕು ಅಂತ ರೂಲ್ ಇದೆ. ತೆಗೆಯಲಿಲ್ಲ ಅಂದರೆ ಗೇಟ್‌ಮನ್ ತಪ್ಪು, ನಾವು ಎತ್ತಿಕೊಂಡು ಹೋದರೂ ಯಾರೂ ಏನೂ ಕೇಳುವ ಹಾಗಿಲ್ಲ. ನಾನು ಲಾರಿ ಹೊಡೆಯುವವನು, ಎಷ್ಟು ಗೇಟ್ ನೋಡಿದ್ದೇನೆ. ಇನ್ನು ಗಾಡಿ ಹಳಿ ಮೇಲೆ ನಿಂತರೆ ಕೆಂಪು ಬಟ್ಟೆ ಹಿಡಿದು ರೈಲು ಬರುವ ಕಡೆ ಓಡಬೇಕು, ಅಷ್ಟೇ. ಡ್ರೈವರ್ ನೋಡಿ ನಿಲ್ಲಿಸುತ್ತಾನೆ.

ಹಳೇ ಗೇಟ್‌ಮನ್

ಡ್ರೈವರ್ ಸಾಹೇಬರೇ, ನೀವು ಹೇಳಿದ್ದರಲ್ಲಿ ಅರ್ಧ ಸರಿ ಇದೆ, ಉಳಿದ ಅರ್ಧ ಜೀವ ತೆಗೆಯುತ್ತದೆ. ರೈಲು ಹೋದ ಮೇಲೆ ಸುಮ್ನೆ ಗೇಟ್ ಹಾಕಿಟ್ಟುಕೊಂಡು ರಸ್ತೆ ಜನರನ್ನು ಕಾಯಿಸಬಾರದು, ಅದು ನಿಜ. ಆದರೆ 'ರೈಲು ಹೋಯಿತು' ಅಂತ ತೀರ್ಮಾನ ಮಾಡುವವರು ರಸ್ತೆಯಲ್ಲಿ ನಿಂತವರಲ್ಲ. ನಾನು ವರ್ಷಗಟ್ಟಲೆ ಗೇಟ್ ಮೇಲೆ ಕೂತವನು, ಒಳಗೆ ಏನು ನಡೆಯುತ್ತದೆ ಅಂತ ಹೇಳುತ್ತೇನೆ.

ಈಗ ಹೆಚ್ಚಿನ ಗೇಟ್‌ಗಳು ಸಿಗ್ನಲ್ ಜೊತೆ ಬೀಗ ಹಾಕಿಕೊಂಡಿವೆ, ಇಂಟರ್‌ಲಾಕ್ ಅಂತೀವಿ. ಗೇಟ್ ಪೂರ್ತಿ ಬಿದ್ದು ಲಾಕ್ ಆಗುವವರೆಗೆ ಸಿಗ್ನಲ್ ಹಸಿರು ಆಗುವುದೇ ಇಲ್ಲ. ಒಮ್ಮೆ ಹಸಿರು ಕೊಟ್ಟ ಮೇಲೆ ಗೇಟ್ ತೆಗೆಯಲು ಬರುವುದಿಲ್ಲ, ಗೇಟ್‌ಮನ್ ಮನಸ್ಸು ಮಾಡಿದರೂ ಬರುವುದಿಲ್ಲ. ಒಂದು ರೈಲು ಹೋದ ಕೂಡಲೇ ಆ ಕಡೆಯ ರೈಲಿಗೆ ಹಸಿರು ಕೊಟ್ಟಿದ್ದರೆ ಬೀಗ ಹಾಗೇ ಇರುತ್ತದೆ. ನಿಮ್ಮ ಗದಗ–ಹೊಟಗಿ ಮಾರ್ಗದಲ್ಲಿ ಜೋಡಿ ಹಳಿ ಬಂದ ಮೇಲೆ ಇದು ಜಾಸ್ತಿ. ಮೊದಲು ಒಂಟಿ ಹಳಿ ಇದ್ದಾಗ ಎದುರು ರೈಲು ಸ್ಟೇಷನ್‌ನಲ್ಲೇ ಕ್ರಾಸಿಂಗ್‌ಗೆ ಕಾಯುತ್ತಿತ್ತು, ಹಾಗಾಗಿ ಒಂದು ಹೋದರೆ ಗೇಟ್ ತೆರೆಯುತ್ತೆ ಅನ್ನೋದು ಜನರ ತಲೆಯಲ್ಲಿ ಕೂತುಬಿಟ್ಟಿದೆ. ಈಗ ಎರಡೂ ಕಡೆಯಿಂದ ಒಂದೇ ಹೊತ್ತಿಗೆ ಬರಬಹುದು. ಹೋಗುತ್ತಿರುವ ರೈಲಿನ ಸದ್ದಿನಲ್ಲಿ ಬರುತ್ತಿರುವ ರೈಲಿನ ಸದ್ದು ಕೇಳಿಸುವುದಿಲ್ಲ. ಹೋಗುವ ಡಬ್ಬಿಗಳ ಮರೆಯಲ್ಲಿ ಅದು ಕಾಣಿಸುವುದೂ ಇಲ್ಲ. ಬೂಮ್ ಕೆಳಗೆ ನುಗ್ಗಿದ ಬೈಕಿನವರು ಸಾಯುವುದು ಬಹುತೇಕ ಈ ಎರಡನೇ ರೈಲಿಗೆ.

ಎಷ್ಟು ಹೊತ್ತು ಕಾಯಬೇಕು ಅಂತ ನಿಮಿಷದ ಲೆಕ್ಕ ಇಲ್ಲ. ಗೇಟ್ ಕೆಳಗಿದ್ದರೆ ರೈಲು ಬರುತ್ತಿದೆ ಅಂತಲೇ ತಿಳಿಯಬೇಕು.

ಕೋರ್ಟ್ ಸರ್ಕಲ್

ಕಾನೂನಿನ ಮಾತು ನಾನು ಸೇರಿಸುತ್ತೇನೆ. 1989ರ ರೈಲ್ವೆ ಕಾಯ್ದೆಯ 160ನೇ ಕಲಂ ನೋಡಿ. ರಸ್ತೆಗೆ ಮುಚ್ಚಿದ ಗೇಟನ್ನು ಅಧಿಕಾರ ಇಲ್ಲದವರು ತೆರೆದರೆ 3 ವರ್ಷದವರೆಗೆ ಜೈಲು. ಮುರಿದರೆ 5 ವರ್ಷದವರೆಗೆ. 'ರೈಲು ಹೋಗಿತ್ತು, ಗೇಟ್‌ಮನ್ ಎತ್ತಲಿಲ್ಲ' ಅನ್ನೋದಕ್ಕೆ ಅಲ್ಲಿ ವಿನಾಯಿತಿ ಇಲ್ಲ. ಕೆಳಗಿಂದ ನುಸುಳಿ ಹಳಿ ದಾಟುವವರ ಮೇಲೆ ಸಾಮಾನ್ಯವಾಗಿ 147 ಹಾಕುತ್ತಾರೆ, ಅದು ಅತಿಕ್ರಮ ಪ್ರವೇಶ, 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ಡ್ರೈವರ್ ಅಣ್ಣ ಹೇಳಿದ 'ಯಾರೂ ಕೇಳುವ ಹಾಗಿಲ್ಲ' ಅನ್ನೋದನ್ನು ನಂಬಿಕೊಂಡು ಯಾರೂ ಬೂಮ್ ಎತ್ತಬೇಡಿ.

ಟಿಳಕವಾಡಿ ಅಕ್ಕ, ಬೆಳಗಾವಿ

ನಮ್ಮ ಕಡೆ ತೊಂದರೆ ಬೇರೆ. ಮೂರನೇ ಗೇಟ್‌ಗೆ ಮೇಲ್ಸೇತುವೆ ಆಯಿತು, ಆದರೆ ಮೊದಲನೇ ಗೇಟ್, ಎರಡನೇ ಗೇಟ್ ಹತ್ತಿರ ಸಂಜೆ ನಿಂತು ನೋಡಿ. ಗೇಟ್ ಬಿದ್ದ ಕೂಡಲೇ ಎಡಗಡೆ ಸಾಲು ತುಂಬುತ್ತದೆ, ಆಮೇಲೆ ಬಂದವರು ಬಲಗಡೆ ಹೋಗಿ ಎದುರಿನವರ ಜಾಗದಲ್ಲಿ ನಿಲ್ಲುತ್ತಾರೆ. ಆ ಕಡೆಯವರೂ ಹಾಗೇ. ಗೇಟ್ ಎತ್ತಿದಾಗ ಎರಡು ಕಡೆಯವರು ಹಳಿ ಮೇಲೆ ಎದುರುಬದುರಾಗಿ ಸಿಕ್ಕಿಕೊಳ್ಳುತ್ತಾರೆ. ಒಮ್ಮೆ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ ನನ್ನ ಸ್ಕೂಟಿ ಸರಿಯಾಗಿ ಎರಡು ಹಳಿ ಮಧ್ಯೆ ಸಿಕ್ಕಿತು, ಮುಂದೆ ಆಟೋ, ಹಿಂದೆ ಕಾರು. ಆಗ ಗೇಟ್‌ನ ಹೂಟರ್ ಹೊಡೆಯೋಕೆ ಶುರುವಾಯಿತು. ಅತ್ತೆಯನ್ನು ಇಳಿಸಿ ಗಾಡಿ ತಳ್ಳಿಕೊಂಡೇ ಆಚೆ ಬಂದೆ. ಅಂಥ ಹೊತ್ತಿನಲ್ಲಿ ಗೇಟ್ ಬಿದ್ದರೆ ಒಳಗಿನವರ ಗತಿ ಏನು?

ಮತ್ತೆ ಆಂಬ್ಯುಲೆನ್ಸ್ ಬಂದರೂ ತೆಗೆಯುವುದಿಲ್ಲವಲ್ಲ, ಅದು ಯಾವ ನ್ಯಾಯ?

ಗುಮ್ಮಟನಗರಿ

ಮೇಲ್ಸೇತುವೆ ಬೇಕು ಅಂದರೆ ಮೊದಲು ಟ್ರಾಫಿಕ್ ಎಣಿಸಿಕೊಂಡು ಮನವಿ ಕೊಡಬೇಕು ರೀ. ಗೇಟ್ ಮೇಲೆ ದಿನಕ್ಕೆ ಹೋಗುವ ರೈಲುಗಳ ಸಂಖ್ಯೆಯನ್ನು ವಾಹನಗಳ ಸಂಖ್ಯೆಗೆ ಗುಣಿಸುತ್ತಾರೆ, 1 ಲಕ್ಷ ದಾಟಿದರೆ ರೈಲ್ವೆ ಮತ್ತು ರಾಜ್ಯ ಸೇರಿ ಖರ್ಚು ಹಾಕುತ್ತವೆ. ನೀವೆಲ್ಲ ಸಂಸದರಿಗೆ ಬರೆಯಿರಿ.

ಕಬ್ಬಿನಹಾದಿ, ಬಾಗಲಕೋಟೆ

ಸರ, ಸೇತುವೆ ವಿಷಯ ಆಮೇಲೆ ಮಾತಾಡೋಣ. ಈ ಸೀಸನ್‌ನಲ್ಲಿ ಗೇಟ್ ಇದ್ದೇ ಇರುತ್ತದೆ, ಅದನ್ನು ದಾಟುವುದು ಹೇಗೆ ಅಂತ ನನ್ನ ಚಿಂತೆ. ಗೇಟ್‌ಮನ್ ಕಾಕಾ, ಗೇಟ್ ಕೆಟ್ಟು ಕೆಳಗೇ ಉಳಿದಿದೆಯೋ, ಇನ್ನೊಂದು ರೈಲು ಬರುತ್ತಿದೆಯೋ ಅಂತ ರಸ್ತೆಯಲ್ಲಿ ನಿಂತವರಿಗೆ ಗೊತ್ತಾಗುವುದು ಹೇಗೆ?

ಹಳೇ ಗೇಟ್‌ಮನ್

ಗೇಟ್‌ಮನ್ ಏನು ಮಾಡುತ್ತಿದ್ದಾನೆ ಅಂತ ನೋಡಿ ತಮ್ಮಾ. ಇನ್ನೊಂದು ರೈಲು ಇದ್ದರೆ ಅವನು ಹಸಿರು ಬಾವುಟ ಹಿಡಿದು ಗುಮಟಿ ಮುಂದೆ ಹಾಗೇ ನಿಂತಿರುತ್ತಾನೆ. ಗೇಟ್ ಕೆಟ್ಟಿದ್ದರೆ ಹ್ಯಾಂಡಲ್ ತಿರುಗಿಸಿ ನೋಡುತ್ತಾನೆ, ಫೋನಿನಲ್ಲಿ ಸ್ಟೇಷನ್ ಮಾಸ್ಟರ್ ಜೊತೆ ಮಾತಾಡುತ್ತಾನೆ, ಮತ್ತೆ ಬಂದು ನೋಡುತ್ತಾನೆ. ಇಂಜಿನ್ ಆಫ್ ಮಾಡಿ ಇಳಿದು ಹೋಗಿ ಕೇಳಿ, ಅದೇ ದೊಡ್ಡ ಉಪಾಯ. ದೂರದಿಂದ ಹಾರ್ನ್ ಹೊಡೆದು ಬೈದರೆ ಅವನಿಗೆ ಫೋನಿನಲ್ಲಿ ನಂಬರ್ ಸರಿಯಾಗಿ ಕೇಳಿಸುವುದಿಲ್ಲ. ಇಂಟರ್‌ಲಾಕ್ ಇಲ್ಲದ ಗೇಟ್‌ನಲ್ಲಿ ಆ ಫೋನೇ ಎಲ್ಲ. ಸ್ಟೇಷನ್ ಮಾಸ್ಟರ್ ರೈಲು ಬಿಡುತ್ತೇನೆ ಅನ್ನುತ್ತಾರೆ, ಇವನು ಗೇಟ್ ಹಾಕಿ ಒಂದು ಗುಪ್ತ ನಂಬರ್ ಹೇಳುತ್ತಾನೆ, ಅದರ ಮೇಲೆ ರೈಲು ಹೊರಡುತ್ತದೆ.

ಇನ್ನೊಂದು ಮಾತು ಜನರಿಗೆ ಗೊತ್ತಿಲ್ಲ. ಗೇಟ್ ಕೆಟ್ಟಾಗ ಅದರ ಸಿಗ್ನಲ್ ಕೆಂಪಾಗೇ ಉಳಿಯುತ್ತದೆ. ದೂರದಲ್ಲಿ ಕೆಂಪು ಕಂಡವರು 'ರೈಲು ನಿಂತಿದೆ, ಬರಲ್ಲ' ಅಂತ ನುಗ್ಗುತ್ತಾರೆ. ತಪ್ಪು. ಕಂಬದ ಮೇಲೆ ಹಳದಿ ತಟ್ಟೆಯಲ್ಲಿ ಕಪ್ಪು 'ಜಿ' ಅಕ್ಷರ ಇದ್ದರೆ ಅದು ಗೇಟ್ ಸಿಗ್ನಲ್. ಅಲ್ಲಿ ಕೆಂಪು ಇದ್ದರೂ ಲೋಕೋ ಪೈಲಟ್ ಹಗಲಲ್ಲಿ 1 ನಿಮಿಷ, ರಾತ್ರಿ 2 ನಿಮಿಷ ಕಾದು, ಸೀಟಿ ಹೊಡೆಯುತ್ತಾ ನಿಧಾನಕ್ಕೆ ಮುಂದೆ ಬರಬಹುದು. ಗೇಟ್ ಹತ್ತಿರ ಬಂದು ಗೇಟ್‌ಮನ್ ಕೈಸನ್ನೆ ನೋಡಿ ದಾಟುತ್ತಾನೆ. ಅಂದರೆ ಕೆಂಪು ಸಿಗ್ನಲ್ ಇದ್ದರೂ ರೈಲು ಬರುತ್ತದೆ.

ನಿಜವಾಗಿ ಗೇಟ್ ಕೆಟ್ಟು ಕೆಳಗೇ ಉಳಿದರೆ ರಿಪೇರಿಯವರು ಬರುವವರೆಗೆ ಗೇಟ್‌ಮನ್ ಸ್ಟೇಷನ್ ಮಾಸ್ಟರ್ ಮಾತಿನ ಮೇಲೆ ಕೈಯಿಂದ ಎತ್ತಿಸುತ್ತಾನೆ. ಬೂಮ್ ಬಗ್ಗಿ ಕೆಲಸಕ್ಕೆ ಬಾರದಿದ್ದರೆ ರಸ್ತೆಗೆ ಅಡ್ಡ ಎಳೆಯುವ ಸ್ಲೈಡಿಂಗ್ ಬೂಮ್ ಇರುತ್ತದೆ. ಅದಕ್ಕೂ ಹೊತ್ತು ಬೇಕು. ಬೇರೆ ದಾರಿ ಇದ್ದರೆ ಹಿಂದಕ್ಕೆ ತಿರುಗಿಸಿ ಹೋಗಿ. ಗುಮಟಿಯಲ್ಲಿ ಯಾರೂ ಕಾಣಿಸದಿದ್ದರೆ 139ಕ್ಕೆ ಫೋನ್ ಮಾಡಿ ಗುಮಟಿ ಮೇಲೆ ಬರೆದ ಗೇಟ್ ನಂಬರ್ ಹೇಳಿ. ನಂಬರ್ ಇಲ್ಲದೆ 'ನಮ್ಮೂರ ಗೇಟ್' ಅಂದರೆ ಅವರಿಗೆ ತಿಳಿಯುವುದಿಲ್ಲ.

ಟಿಳಕವಾಡಿ ತಂಗಿ, ಆಂಬ್ಯುಲೆನ್ಸ್ ವಿಷಯ. ಸಿಗ್ನಲ್ ಇನ್ನೂ ಕೊಟ್ಟಿರದಿದ್ದರೆ ಗೇಟ್‌ಮನ್ ಸ್ಟೇಷನ್ ಮಾಸ್ಟರ್‌ಗೆ ಕೇಳಿ ತೆಗೆಯಬಹುದು, ತೆಗೆಯುತ್ತಾರೆ ಕೂಡ. ಹಸಿರು ಕೊಟ್ಟಾಗಿದ್ದರೆ ಸಿಗ್ನಲ್ ಕೆಂಪಿಗೆ ತಂದರೂ ಬೀಗ ಕೂಡಲೇ ಬಿಡುವುದಿಲ್ಲ, ಹಸಿರು ನೋಡಿ ಬರುತ್ತಿರುವ ರೈಲು ನಿಲ್ಲುವಷ್ಟು ಹೊತ್ತು ತಡೆಹಿಡಿಯುತ್ತದೆ. ಅಷ್ಟರಲ್ಲಿ ರೈಲೇ ದಾಟಿ ಹೋಗಿರುತ್ತದೆ.

ಟಿಳಕವಾಡಿ ಅಕ್ಕ, ಬೆಳಗಾವಿ

ಕಾಕಾ, ಬೀಗದ ಮಾತು ಅರ್ಥವಾಯಿತು. ಆದರೂ ಒಳಗೆ ಉಸಿರಿಗೆ ಒದ್ದಾಡುವವರಿದ್ದಾಗ ಆ ಮಾತು ಸಮಾಧಾನ ಕೊಡಲ್ಲ. ಊರ ನಡುವಿನ ಗೇಟ್‌ಗೆ ಆಂಬ್ಯುಲೆನ್ಸ್ ಬರುತ್ತಿದೆ ಅಂತ ಮೊದಲೇ ತಿಳಿಸುವ ವ್ಯವಸ್ಥೆ ಇರಬೇಕಿತ್ತು ಅಂತಲೇ ನನ್ನ ವಾದ. ಮತ್ತೆ ಸಿಕ್ಕಿಕೊಂಡವರ ವಿಷಯ ಹೇಳಲಿಲ್ಲ ನೀವು.

ಹಳೇ ಗೇಟ್‌ಮನ್

ಹೇಳುತ್ತೇನೆ. ಒಳಗೆ ಗಾಡಿಗಳು ಸಿಕ್ಕಿಕೊಂಡರೆ ಗೇಟ್ ಪೂರ್ತಿ ಬೀಳುವುದಿಲ್ಲ, ಇಂಟರ್‌ಲಾಕ್ ಇದ್ದರೆ ಸಿಗ್ನಲ್ ಹಸಿರಾಗುವುದಿಲ್ಲ, ರೈಲು ಹೊರಗೆ ನಿಲ್ಲುತ್ತದೆ. ಅದರ ಹಿಂದಿನ ರೈಲೂ ನಿಲ್ಲುತ್ತದೆ. ಆಮೇಲೆ ಗೇಟ್ ಬಿದ್ದರೆ ಅವೆಲ್ಲ ಹೋಗುವವರೆಗೆ ಎತ್ತುವ ಹಾಗಿಲ್ಲ. ಬಲಗಡೆ ನುಗ್ಗಿದವರೇ ಮುಂದಿನ ಕಾಯುವಿಕೆಯನ್ನು ಉದ್ದ ಮಾಡುತ್ತಾರೆ. ಎಡಗಡೆ ಒಂದೇ ಸಾಲು, ಮತ್ತು ಹಳಿಯ ಆಚೆ ನಿಮ್ಮ ಗಾಡಿ ಪೂರ್ತಿ ಹಿಡಿಸುವಷ್ಟು ಜಾಗ ಖಾಲಿ ಆಗುವವರೆಗೆ ಗೇಟ್ ತೆರೆದಿದ್ದರೂ ಈ ಕಡೆಯೇ ನಿಲ್ಲುವುದು, ಇಷ್ಟು ಮಾಡಿದರೆ ಯಾರೂ ಸಿಕ್ಕಿಕೊಳ್ಳುವುದಿಲ್ಲ. ಟ್ರೇಲರ್‌ನವರಿಗೆ ಇದು ಇನ್ನೂ ಮುಖ್ಯ. ಟ್ರ್ಯಾಕ್ಟರ್ ದಾಟಿತು ಅಂದುಕೊಂಡರೂ ಹಿಂದಿನ ಟ್ರೇಲರ್ ಇನ್ನೂ ಹಳಿ ಮೇಲಿರುತ್ತದೆ. ರೈಲಿನ ಡಬ್ಬಿ ಹಳಿಯಿಂದ ಹೊರಗೆ ಮುಕ್ಕಾಲು ಮೀಟರ್‌ಗಿಂತ ಜಾಸ್ತಿ ಚಾಚಿರುತ್ತದೆ ಅನ್ನೋದೂ ನೆನಪಿರಲಿ.

ಕಬ್ಬಿನಹಾದಿ, ಬಾಗಲಕೋಟೆ

ಇನ್ನು ನನ್ನ ಎರಡನೇ ಪ್ರಶ್ನೆ. ಹೋದ ಸೀಸನ್‌ನಲ್ಲಿ ನಮ್ಮ ಪಕ್ಕದ ಊರಿನವರದ್ದು ಹೀಗೇ ಆಗಿತ್ತು. ಗೇಟ್ ತೆರೆದಿತ್ತು, ಎರಡು ಟ್ರೇಲರ್ ಹಿಂದೆ, ಏರು ಹತ್ತಿ ಹಳಿ ಮೇಲೆ ಬಂದಾಗ ಗೇರ್ ಬದಲಿಸಲು ಹೋಗಿ ಇಂಜಿನ್ ಬಂದ್ ಆಯಿತು, ಮತ್ತೆ ಹತ್ತಲೇ ಇಲ್ಲ. ಮುಂದಿನ ಟ್ರೇಲರ್ ಸರಿಯಾಗಿ ಹಳಿ ಮೇಲೆ. ಕಬ್ಬು ಕಡಿಯುವ ಗ್ಯಾಂಗಿನವರು ಹೆಂಗಸರು ಮಕ್ಕಳ ಸಮೇತ ಲೋಡಿನ ಮೇಲೆ ಕೂತಿದ್ದರು. ಒಬ್ಬರು ಪಿನ್ ಕಿತ್ತು ಟ್ರೇಲರ್ ಬಿಡಿ ಅಂದರು, ಒಬ್ಬರು ಹಿಂದಕ್ಕೆ ತಳ್ಳಿ ಅಂದರು. ಕೊನೆಗೆ ಹಿಂದೆ ಬಂದ ಟ್ರ್ಯಾಕ್ಟರ್ ಎಳೆಯಿತು. ಅಲ್ಲಿ ಸರಿಯಾದ ಕ್ರಮ ಯಾವುದು?

ಹಳೇ ಗೇಟ್‌ಮನ್

ಮೊದಲು ಜನ ಇಳಿಯಬೇಕು. ಗಾಡಿ ಹತ್ತುತ್ತೋ ಇಲ್ಲವೋ ಅಂತ ಡ್ರೈವರ್ ನೋಡುತ್ತಿರುವಾಗಲೇ ಮೇಲಿನವರು ಇಳಿಯಬೇಕು, ಆಮೇಲೆ ಅಲ್ಲ. ಇಳಿಯುವಾಗ ಯಾರೂ ಲೋಡಿನ ಮೇಲೆ ಎದ್ದು ನಿಲ್ಲಬಾರದು. ಮೇಲೆ ಹಾದು ಹೋಗಿರುವ ತಂತಿಯಲ್ಲಿ 25,000 ವೋಲ್ಟ್ ಇದೆ, ಮುಟ್ಟಬೇಕಾಗಿಲ್ಲ, 2 ಮೀಟರ್ ಒಳಗೆ ಹೋಗುವುದೇ ಅಪಾಯ. ಕೂತಲ್ಲಿಂದಲೇ ಪಕ್ಕಕ್ಕೆ ಜಾರಿ ಇಳಿಯಬೇಕು. ನಿಜ ಹೇಳಬೇಕೆಂದರೆ ಗೇಟ್ ಬರುವ ಮೊದಲೇ ಇಳಿಸಿ ನಡೆಸಿಕೊಂಡು ದಾಟಿಸುವುದು ಒಳ್ಳೆಯದು. ಗೇಟ್ ಮುಂದೆ ರಸ್ತೆಗೆ ಅಡ್ಡವಾಗಿ ಕಬ್ಬಿಣದ ಕಮಾನು ಇರುತ್ತದಲ್ಲ, ಲೋಡ್ ಅದಕ್ಕೆ ತಗಲುವಷ್ಟು ಇದ್ದರೆ ಕಬ್ಬು ಇಳಿಸದೆ ದಾಟಲೇಬಾರದು.

ಇಳಿದ ಮಕ್ಕಳನ್ನು ಹಳಿಯುದ್ದಕ್ಕೂ ಕರೆದುಕೊಂಡು ಹೋಗಬೇಡಿ. ರಸ್ತೆಯಲ್ಲೇ ಹಿಂದಕ್ಕೆ, ಬೂಮ್‌ನಿಂದ ಸಾಕಷ್ಟು ದೂರ. ರೈಲು ಗುದ್ದಿದರೆ ಕಬ್ಬು, ಕಬ್ಬಿಣ ಎಲ್ಲ ರೈಲು ಹೋಗುವ ದಿಕ್ಕಿಗೆ ಹಾರುತ್ತದೆ.

ಅದೇ ಹೊತ್ತಿಗೆ ಇನ್ನೊಬ್ಬರು ಗುಮಟಿಗೆ ಓಡಬೇಕು. 'ಟ್ರೇಲರ್ ಹಳಿ ಮೇಲೆ ನಿಂತಿದೆ, ತೆಗೆಯಲು ಆಗುತ್ತಿಲ್ಲ' ಅಂತ ಸ್ಪಷ್ಟವಾಗಿ ಹೇಳಿ. ಅಲ್ಲಿಂದ ಅವನ ಕೆಲಸ. ಸ್ಟೇಷನ್ ಮಾಸ್ಟರ್‌ಗೆ ಫೋನ್, ಸಿಗ್ನಲ್ ಕೆಂಪು, ಆಮೇಲೆ ಕೆಂಪು ಬಾವುಟ, ರಾತ್ರಿ ಆದರೆ ಕೆಂಪು ದೀಪ ಹಿಡಿದು ರೈಲು ಬರುವ ಕಡೆ ಹೋಗುತ್ತಾನೆ. 600 ಮೀಟರ್‌ಗೆ ಹಳಿ ಮೇಲೆ ಒಂದು ಪಟಾಕಿ ಕಟ್ಟುತ್ತಾನೆ, 1,200 ಮೀಟರ್‌ಗೆ ಹತ್ತತ್ತು ಮೀಟರ್ ಬಿಟ್ಟು ಮೂರು. ಚಕ್ರ ಹತ್ತಿದ ಕೂಡಲೇ ಅವು ಸಿಡಿದು ಪೈಲಟ್‌ಗೆ ಎಚ್ಚರ ಕೊಡುತ್ತವೆ. ಸಿಂದಗಿ ಡ್ರೈವರ್ ಹೇಳಿದ ಕೆಂಪು ಬಟ್ಟೆ ಸರಿಯೇ, ಆದರೆ ಗಾಡಿ ಪಕ್ಕದಲ್ಲೇ ನಿಂತು ಬೀಸಿದರೆ ಏನೂ ಪ್ರಯೋಜನ ಇಲ್ಲ. 100 ಕಿಲೋಮೀಟರ್ ವೇಗದಲ್ಲಿ ಬರುವ ರೈಲು ಸೆಕೆಂಡಿಗೆ 28 ಮೀಟರ್ ಓಡುತ್ತದೆ, ಎಮರ್ಜೆನ್ಸಿ ಬ್ರೇಕ್ ಹಾಕಿದರೂ ನಿಲ್ಲಲು ನೂರಾರು ಮೀಟರ್ ಬೇಕು. ಜೋಡಿ ಹಳಿ ಇದ್ದರೆ ಒಬ್ಬ ಗೇಟ್‌ಮನ್ ಎರಡೂ ಕಡೆ ಓಡಲಾರ. ಆಗ ಬಾವುಟ ಕೊಟ್ಟು ಇನ್ನೊಂದು ಕಡೆ ಯಾರನ್ನಾದರೂ ಕಳಿಸುತ್ತಾನೆ. ಅವನು ಹೇಳಿದ ಕಡೆಗೆ ಹೋಗಿ, ಹಳಿ ಪಕ್ಕದಲ್ಲಿ ಓಡಿ, ಹಳಿ ನಡುವೆ ಬೇಡ.

ಗಾಡಿ ತೆಗೆಯುವುದು ಇದೆಲ್ಲದರ ನಂತರ.

ಸಿಂದಗಿ ಡ್ರೈವರ್, ವಿಜಯಪುರ

ಕಾಕಾ ಹೇಳಿದ್ದು ಒಪ್ಪಿದೆ. ಗಾಡಿ ತೆಗೆಯೋದು ನಾನು ಹೇಳುತ್ತೇನೆ, ಅದು ನನ್ನ ಕೆಲಸ. ಎರಡು ಟ್ರೇಲರ್ ಇದ್ದರೆ ಹಿಂದಕ್ಕೆ ತಳ್ಳೋಕೆ ಹೋಗಲೇಬೇಡಿ, ನಡುವೆ ಮುರಿದುಕೊಂಡು ಅಡ್ಡ ಬೀಳುತ್ತವೆ. ಪಿನ್ ಕೀಳೋದೂ ಲೋಡ್ ಎಳೆತದಲ್ಲಿದ್ದಾಗ ಆಗದ ಮಾತು, ಸುತ್ತಿಗೆ ಹೊಡೆದು ಹೊತ್ತು ಹೋಗುತ್ತದೆ, ಕಿತ್ತರೂ ಇಳಿಜಾರಿನಲ್ಲಿ ಟ್ರೇಲರ್ ಜನರ ಮೇಲೆ ಉರುಳಬಹುದು. ಮುಂದೆ ಇನ್ನೊಂದು ಟ್ರ್ಯಾಕ್ಟರ್ ಕಟ್ಟಿ ನೇರ ಮುಂದಕ್ಕೆ ಎಳೆಯಬೇಕು. ಸೀಸನ್‌ನಲ್ಲಿ ಹಿಂದೆ ಮುಂದೆ ಟ್ರ್ಯಾಕ್ಟರ್ ಇದ್ದೇ ಇರುತ್ತವೆ, ಒಂದು ಗಟ್ಟಿ ಸರಪಳಿ ಗಾಡಿಯಲ್ಲಿ ಇರಲಿ. ಮತ್ತೆ ಏರು ಹತ್ತುವ ಮೊದಲೇ ಸಣ್ಣ ಗೇರ್ ಹಾಕಿ, ಹಿಂದಿನ ಟ್ರೇಲರ್ ಆಚೆ ಇಳಿಯುವವರೆಗೆ ಕ್ಲಚ್ ಮುಟ್ಟಬೇಡಿ. ಇಂಜಿನ್ ಬಂದ್ ಆಗೋದು ನೂರಕ್ಕೆ ತೊಂಬತ್ತು ಅಲ್ಲಿ ಗೇರ್ ಬದಲಿಸಿದಾಗಲೇ.

ಕಾರು, ಬೈಕು ಆದರೆ ಸುಲಭ. ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟು, ನಾಲ್ಕು ಜನ ಸೇರಿ ತಳ್ಳಿ.

ಹಳೇ ಗೇಟ್‌ಮನ್

ಸರಿಯಾಗಿ ಹೇಳಿದಿರಿ. ಒಂದೇ ಸೇರಿಸುತ್ತೇನೆ, ಸರಪಳಿ ಕಟ್ಟೋಕೆ ಜನ ಹಳಿ ಮೇಲೆ ಹೋಗುವ ಮೊದಲು ರೈಲು ತಡೆದಿದೆ ಅಂತ ಗೇಟ್‌ಮನ್ ಬಾಯಿಂದ ಕೇಳಿಕೊಳ್ಳಿ. ಗಾಡಿ ಆಚೆ ಹೋದ ಮೇಲೆ ಬಿದ್ದ ಕಬ್ಬು ಹಳಿ ಪಕ್ಕದ ಸಂದಿಯಲ್ಲಿ ಸಿಕ್ಕಿರುತ್ತದೆ, ಅದನ್ನೂ ತೆಗೆದು 'ಹಳಿ ಖಾಲಿ' ಅಂತ ಹೇಳಿಯೇ ಹೊರಡಿ.

ಟಿಳಕವಾಡಿ ಅಕ್ಕ, ಬೆಳಗಾವಿ

ಎರಡೂ ಬೂಮ್ ಬಿದ್ದು ಗಾಡಿ ಒಳಗೆ ಉಳಿದರೆ? ಗಾಡಿ ಚಾಲೂ ಇದೆ, ಮುಂದೆ ಬೂಮ್ ಇದೆ ಅಂತ ಇಟ್ಟುಕೊಳ್ಳಿ.

ಹಳೇ ಗೇಟ್‌ಮನ್

ಸ್ಕೂಟಿ ಆದರೆ ಬೂಮ್‌ಗೆ ಅಂಟಿಕೊಂಡು ನಿಲ್ಲಲು ಜಾಗ ಸಿಗುತ್ತದೆ, ಇಲ್ಲ ಗಾಡಿ ಬಿಟ್ಟು ನೀವು ಕೆಳಗಿಂದ ಹೊರಗೆ ಬನ್ನಿ. ಕಾರು ಹಳಿಗೆ ತಗಲುವ ಹಾಗಿದ್ದರೆ ಬೂಮ್‌ಗೆ ಗುದ್ದಿಯಾದರೂ ಆಚೆ ಹೋಗಿ. ಬೂಮ್ ಬದಲಿಸಬಹುದು.

ಕೋರ್ಟ್ ಸರ್ಕಲ್

ಜೀವದ ಮಟ್ಟಿಗೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಕೇಸ್ ಆಗಲ್ಲ ಅಂತ ಯಾರಿಗೂ ಭರವಸೆ ಕೊಡಲಾರೆ. ಬೂಮ್ ಬೀಳುವಾಗ ನುಗ್ಗಿ ಒಳಗೆ ಸಿಕ್ಕವರಾ, ಟ್ರಾಫಿಕ್ ತಡೆದು ಸಿಕ್ಕವರಾ ಅನ್ನೋದರ ಮೇಲೆ ಎಲ್ಲ ನಿಂತಿದೆ. ದೊಡ್ಡ ಅಪಾಯ ತಪ್ಪಿಸಲು ಮಾಡಿದ್ದು ಅನ್ನೋ ವಾದ ಕಾನೂನಿನಲ್ಲಿದೆ, ಅದನ್ನು ಕೋರ್ಟ್‌ನಲ್ಲಿ ಸಾಬೀತು ಮಾಡಬೇಕಾಗುತ್ತದೆ.

ಹಳೇ ಗೇಟ್‌ಮನ್

ನುಗ್ಗಿದವರ ಪರ ನಾನೂ ಮಾತಾಡುವುದಿಲ್ಲ. ಆದರೆ ಗೇಟ್ ತೆರೆದಿದೆ ಅಂತ ಕಣ್ಣು ಮುಚ್ಚಿ ಹೋಗುವುದೂ ಬೇಡ. 2025ರ ಜುಲೈ 8ರಂದು ತಮಿಳುನಾಡಿನ ಕಡಲೂರು ಹತ್ತಿರ ಸೆಮ್ಮಂಕುಪ್ಪಂನಲ್ಲಿ ಶಾಲಾ ವ್ಯಾನಿಗೆ ರೈಲು ಗುದ್ದಿ ಮೂರು ಮಕ್ಕಳು ತೀರಿಕೊಂಡರು. ಅದು ಇಂಟರ್‌ಲಾಕ್ ಇಲ್ಲದ ಗೇಟ್, ರೈಲು ಬರುವಾಗ ಮುಚ್ಚಿರಲಿಲ್ಲ. ಅದಾದ ಮೇಲೆ ಎಲ್ಲ ಗೇಟ್‌ಗಳಿಗೆ ಸಿಸಿಟಿವಿ ಹಾಕಿ, ಇಂಟರ್‌ಲಾಕ್ ಮಾಡುವ ಮಿತಿಯನ್ನು 20,000 ಇದ್ದದ್ದನ್ನು 10,000ಕ್ಕೆ ಇಳಿಸಿ ಅಂತ ರೈಲ್ವೆ ಮಂತ್ರಿ ಆದೇಶ ಮಾಡಿದರು. ಗುಮ್ಮಟನಗರಿಯವರು ಹೇಳಿದ ಅದೇ ರೈಲು, ವಾಹನದ ಗುಣಾಕಾರ. ಗೇಟ್‌ಮನ್ ಮೇಲೆ 'ಒಂದೇ ಗಾಡಿ, ಬಿಡಪ್ಪಾ' ಅಂತ ಒತ್ತಡ ಹಾಕುವವರು ಇದನ್ನು ಓದಲಿ ಅಂತ ಬರೆದೆ. ಇಂಟರ್‌ಲಾಕ್ ಇಲ್ಲದ ಕಡೆ ಆ ಮಾತಿಗೆ ಅವನು ಬಗ್ಗಿದರೆ ತಡೆಯಲು ಬೀಗ ಇರುವುದಿಲ್ಲ.

ಕಬ್ಬಿನಹಾದಿ, ಬಾಗಲಕೋಟೆ

ಕಾಕಾ, ಡ್ರೈವರ್ ಅಣ್ಣಾ, ಎಲ್ಲವನ್ನೂ ತಮ್ಮನಿಗೆ ಓದಿ ಹೇಳಿದೆ. ಸರಪಳಿ ತರಿಸುತ್ತೇನೆ, ಗ್ಯಾಂಗಿನವರನ್ನು ಗೇಟ್ ಮುಂಚೆ ಇಳಿಸಲು ಮುಕಾದಮ್‌ಗೆ ಹೇಳಿದ್ದೇನೆ. ಅವರು ರಾತ್ರಿ ಹೊತ್ತು ಮಲಗಿದ ಮಕ್ಕಳನ್ನು ಎಬ್ಬಿಸಿ ಇಳಿಸೋದು ಆಗಲ್ಲ ಅಂತ ಹೇಳುತ್ತಿದ್ದಾರೆ. ಲೋಡಿನ ಮೇಲೆ ಮಲಗಿಸಿ ಕರೆದುಕೊಂಡು ಬರುವುದೇ ಬೇಡ, ಬೇರೆ ಗಾಡಿ ಕೊಡಿ ಅಂತ ಮಾಲೀಕರ ಹತ್ತಿರ ಮಾತಾಡಬೇಕು. ನಿಮ್ಮ ಕಡೆ ಯಾರಾದರೂ ಹಾಗೆ ವ್ಯವಸ್ಥೆ ಮಾಡಿಕೊಂಡಿದ್ದರೆ, ಖರ್ಚು ಯಾರು ಹಾಕುತ್ತಾರೆ ಅಂತ ತಿಳಿಸಿ.

ಸಿಂದಗಿ ಡ್ರೈವರ್, ವಿಜಯಪುರ

ನಮ್ಮ ಕಡೆ ಒಂದು ಗ್ಯಾಂಗಿಗೆ ಟೆಂಪೊ ಕೊಟ್ಟಿದ್ದಾರೆ, ಬಾಡಿಗೆಯನ್ನು ಟನ್ ಲೆಕ್ಕದಲ್ಲಿ ಹಿಡಿದುಕೊಳ್ಳುತ್ತಾರೆ ಅಂತ ಕೇಳಿದ್ದೇನೆ. ಅದು ಕೂಲಿಯವರಿಗೆ ಹೊರೆ ಆಗುತ್ತೆ. ವಿಚಾರಿಸಿ ಬರೆಯುತ್ತೇನೆ.